ಲ್ಯಾಬ್‌ನಲ್ಲಿ ಬಾಟಲಿ ಒಡೆದರೆ: ಒಳಗಿದ್ದು ಒರೆಸಬೇಕಾ, ಹೊರಗೆ ಹೋಗಬೇಕಾ?

ಕೆಮಿಸ್ಟ್ರಿ ಲ್ಯಾಬ್‌ನಲ್ಲಿ ಏನಾದರೂ ಚೆಲ್ಲಿದ ತಕ್ಷಣ ಎಲ್ಲರ ಬಾಯಿಂದ ಬರುವ ಮೊದಲ ಪ್ರಶ್ನೆ "ಎಷ್ಟು ಚೆಲ್ಲಿತು?" ಅನ್ನುವುದು. ಅದು ಎರಡನೇ ಪ್ರಶ್ನೆಯಾಗಬೇಕು. ಮೊದಲು ಕೇಳಬೇಕಾದದ್ದು "ಏನು ಚೆಲ್ಲಿತು?" ಅಂತ. ಅಳತೆ ಒಂದೇ ಇದ್ದರೂ, ಒಂದು ದ್ರವಕ್ಕೆ ನಾಲ್ಕು ಹೆಜ್ಜೆ ಹಿಂದೆ ಸರಿದರೆ ಸಾಕು. ಇನ್ನೊಂದಕ್ಕೆ ಇಡೀ ಕೋಣೆ ಖಾಲಿಯಾಗಬೇಕು.

ಇದನ್ನು ಅರ್ಥ ಮಾಡಿಕೊಳ್ಳಲು ಒಂದೇ ಅಳತೆಯ ಮೂರು ದ್ರವಗಳನ್ನು ತೆಗೆದುಕೊಳ್ಳೋಣ. ಮೂರೂ ಬೆಂಗಳೂರಿನ ಯಾವ ಕಾಲೇಜಿನ ಲ್ಯಾಬ್‌ಗೆ ಹೋದರೂ ಸಿಗುವಂಥವೇ: ಗಾಢ ಸಲ್ಫ್ಯೂರಿಕ್ ಆಸಿಡ್, ಗಾಢ ಹೈಡ್ರೋಕ್ಲೋರಿಕ್ ಆಸಿಡ್, ಅಸಿಟೋನ್. ಪ್ರತಿಯೊಂದೂ 200 ಮಿ.ಲೀ., ಅಂದರೆ ಸುಮಾರು ಒಂದು ಲೋಟದಷ್ಟು.

ಕೋಣೆಯನ್ನೂ ಗೊತ್ತುಮಾಡಿಕೊಳ್ಳೋಣ. ಹಳೆಯ ಡಿಗ್ರಿ ಕಾಲೇಜು, ಮೊದಲ ಮಹಡಿ. ಲ್ಯಾಬ್ 10 ಮೀಟರ್ ಉದ್ದ, 8 ಮೀಟರ್ ಅಗಲ, ಮೂರೂವರೆ ಮೀಟರ್ ಎತ್ತರ. ಒಟ್ಟು 280 ಘನ ಮೀಟರ್ ಗಾಳಿ. ಮೊಸಾಯಿಕ್ ನೆಲ, ಉದ್ದುದ್ದ ಬೆಂಚುಗಳು, ಬೆಂಚಿನ ಮೇಲೆ ಗ್ಯಾಸ್ ಲೈನ್ ಮತ್ತು ಬರ್ನರ್‌ಗಳು, ಗೋಡೆಯ ಮೇಲ್ಗಡೆ ಒಂದು ಎಕ್ಸಾಸ್ಟ್ ಫ್ಯಾನ್. ಒಳಗೆ 25 ಮಕ್ಕಳ ಬ್ಯಾಚು, ಒಬ್ಬರು ಮೇಡಂ, ಒಬ್ಬರು ಅಟೆಂಡರ್.

ಮೊದಲು ಸಲ್ಫ್ಯೂರಿಕ್ ಆಸಿಡ್ ಬೀಳಲಿ. ಮಕ್ಕಳಿಗೆ ಹೆಚ್ಚು ಭಯ ಇರುವುದು ಇದರದ್ದೇ, ಮೈಮೇಲೆ ಬಿದ್ದರೆ ಆ ಭಯ ಸರಿಯಾದದ್ದೇ. ಆದರೆ ನೆಲದ ಮೇಲೆ ಬಿದ್ದಾಗ ಇದು ಬಿದ್ದ ಕಡೆಯೇ ಇರುತ್ತದೆ. ಕೋಣೆಯ ಬಿಸಿಗೆ ಇದು ಆವಿಯಾಗುವುದೇ ಇಲ್ಲ ಅನ್ನುವಷ್ಟು ಕಡಿಮೆ. ಎಣ್ಣೆಯ ಹಾಗೆ ಮಂದವಾಗಿರುತ್ತದೆ, ನೀರಿಗಿಂತ ಸುಮಾರು 1.8 ಪಟ್ಟು ಭಾರ. ಗಾಳಿ ಕೆಡುವುದಿಲ್ಲ, ಬೆಂಕಿ ತಾನಾಗಿ ಹತ್ತುವುದಿಲ್ಲ. ಮುಟ್ಟಿದರೆ, ತುಳಿದರೆ ಮಾತ್ರ ಅಪಾಯ. ಹಾಗಾಗಿ ಇಲ್ಲಿ ಸಮಯ ಇದೆ. ಆ ಬೆಂಚಿನವರನ್ನೂ ಪಕ್ಕದ ಬೆಂಚಿನವರನ್ನೂ ದೂರ ಕಳಿಸಿ, ಚೆಲ್ಲಿದ ಜಾಗದ ಎರಡೂ ಕಡೆ ಸ್ಟೂಲ್ ಅಡ್ಡ ಇಟ್ಟು, ನಿಧಾನವಾಗಿ ಕೆಲಸ ಮಾಡಬಹುದು.

ಅವಸರಪಟ್ಟಾಗ ಕೆಡುವುದು ಎರಡು ಕಡೆ. ಯಾರಾದರೂ ಬಕೆಟ್ ತಂದು ನೀರು ಸುರಿಯುತ್ತಾರೆ. ಗಾಢ ಸಲ್ಫ್ಯೂರಿಕ್ ಆಸಿಡ್‌ಗೆ ನೀರು ಸೇರಿದರೆ ಬರುವ ಬಿಸಿಗೆ ನೀರೇ ಕುದಿದು ಆಸಿಡ್ ಸಮೇತ ಸಿಡಿಯುತ್ತದೆ. ಇಲ್ಲವಾದರೆ ನೆಲ ಒರೆಸುವ ಬಟ್ಟೆ ತರುತ್ತಾರೆ. ಹತ್ತಿ ಬಟ್ಟೆ ಕಣ್ಣೆದುರೇ ಕಪ್ಪಾಗಿ ಪುಡಿಯಾಗುತ್ತದೆ, ಆಸಿಡ್ ಕೈಗೆ ಬರುತ್ತದೆ. ಮರದ ಪುಡಿ, ಟಿಶ್ಯೂ ಪೇಪರ್ ಕೂಡ ಬೇಡ. ಚೆಲ್ಲಿದ್ದು ನೈಟ್ರಿಕ್ ಆಸಿಡ್ ಆಗಿದ್ದರಂತೂ ಮರದ ಪುಡಿಗೆ ಬೆಂಕಿಯೇ ಹತ್ತಬಹುದು.

ಬೇಕಾದದ್ದು ಒಣ ಮರಳು ಮತ್ತು ಅಡುಗೆ ಸೋಡಾ. ಮೊದಲು ಮರಳನ್ನು ಚೆಲ್ಲಿದ್ದರ ಸುತ್ತ ಒಂದು ಕಟ್ಟೆಯ ಹಾಗೆ ಹಾಕಿ, ಆಮೇಲೆ ಮೇಲೆಲ್ಲ ಹರಡಿ. ಮರಳು ಆಸಿಡ್‌ನ ಜೊತೆ ಏನೂ ಮಾಡುವುದಿಲ್ಲ, ಸುಮ್ನೆ ಹೀರಿಕೊಂಡು ಹರಿಯದ ಹಾಗೆ ಹಿಡಿದಿಡುತ್ತದೆ. ನಂತರ ಸೋಡಾವನ್ನು ಅಂಚಿನಿಂದ ಶುರುಮಾಡಿ ನಡುವಿಗೆ, ಒಂದೊಂದೇ ಹಿಡಿ ಉದುರಿಸಬೇಕು. ಒಂದು ಹಿಡಿ ಹಾಕಿ, ನೊರೆ ಇಳಿಯುವ ತನಕ ಕಾದು, ಇನ್ನೊಂದು ಹಿಡಿ.

ಯಾಕಿಷ್ಟು ನಿಧಾನ ಅಂದರೆ, ಲೆಕ್ಕ ನೋಡಿ. 200 ಮಿ.ಲೀ. ಗಾಢ ಸಲ್ಫ್ಯೂರಿಕ್ ಆಸಿಡ್ ಪೂರ್ತಿ ತಟಸ್ಥವಾಗಲು ಸುಮಾರು 620 ಗ್ರಾಂ ಅಡುಗೆ ಸೋಡಾ ಬೇಕು. ಆಗ ಹೊರಬರುವ ಕಾರ್ಬನ್ ಡೈಆಕ್ಸೈಡ್ ಸುಮಾರು 200 ಲೀಟರ್. ಎಲ್ಲವನ್ನೂ ಒಟ್ಟಿಗೆ ಸುರಿದರೆ ಆ ಅನಿಲ ಆಸಿಡ್‌ನ ಹನಿಗಳನ್ನು ಹೊತ್ತುಕೊಂಡೇ ಮೇಲೆ ಏಳುತ್ತದೆ, ಬಗ್ಗಿ ನೋಡುತ್ತಿರುವವರ ಮುಖದ ಹತ್ತಿರಕ್ಕೆ. ದೊಡ್ಡ ಕೋಣೆಯಲ್ಲಿ 200 ಲೀಟರ್ ಲೆಕ್ಕಕ್ಕೆ ಬರುವುದಿಲ್ಲ. ಕಿಟಕಿ ಇಲ್ಲದ ಸಣ್ಣ ಸ್ಟೋರ್ ರೂಮಿನಲ್ಲಿ ಬರುತ್ತದೆ, ಅಲ್ಲಿ ಬಾಗಿಲು ತೆರೆದಿಟ್ಟೇ ಕೆಲಸ ಮಾಡಬೇಕು.

620 ಗ್ರಾಂ ಅನ್ನುವ ಅಂಕಿಗೆ ಇನ್ನೊಂದು ಅರ್ಥವೂ ಇದೆ. ಹೆಚ್ಚಿನ ಲ್ಯಾಬ್‌ಗಳ ಕಪಾಟಿನಲ್ಲಿ ಇರುವುದು ಸೋಡಾದ ಒಂದು 500 ಗ್ರಾಂ ಡಬ್ಬಿ, ಅದೂ ಅರ್ಧ ಖಾಲಿ. ಒಂದು ಲೋಟ ಸಲ್ಫ್ಯೂರಿಕ್ ಆಸಿಡ್‌ಗೇ ಅದು ಸಾಲದು. ಎರಡೂವರೆ ಲೀಟರ್‌ನ ದೊಡ್ಡ ಬಾಟಲಿ ಒಡೆದರೆ ಏಳೂವರೆ ಕಿಲೋಗಿಂತ ಜಾಸ್ತಿ ಸೋಡಾ ಬೇಕು. ಅಷ್ಟು ಇಲ್ಲದ ಲ್ಯಾಬ್‌ನಲ್ಲಿ ಅದು ಸಣ್ಣ ಅವಘಡ ಅಲ್ಲವೇ ಅಲ್ಲ, ಬಾಗಿಲು ಮುಚ್ಚಿ ಸಹಾಯ ಕರೆಯಬೇಕಾದ ಅವಘಡ. ಸಣ್ಣದು ಯಾವುದು, ದೊಡ್ಡದು ಯಾವುದು ಅನ್ನುವುದನ್ನು ನಿಮ್ಮ ಕಪಾಟಿನಲ್ಲಿರುವ ಸಾಮಾನೇ ತೀರ್ಮಾನಿಸುತ್ತದೆ.

ನೊರೆ ನಿಂತಿತು, ಕೆಲಸ ಮುಗಿಯಿತು ಅಂದುಕೊಳ್ಳುವ ಕಡೆಯಲ್ಲೇ ಜಾಸ್ತಿ ಜನ ಎಡವುತ್ತಾರೆ. ಈ ಆಸಿಡ್ ಮಂದವಾಗಿರುವುದರಿಂದ ಸೋಡಾ ಅದರ ಮೇಲೆ ಒಂದು ಬಿಳಿ ಪದರ ಕಟ್ಟಿಕೊಂಡು ಕೂರುತ್ತದೆ. ಕೆಳಗೆ ಆಸಿಡ್ ಹಾಗೇ ಇರುತ್ತದೆ. ಪ್ಲಾಸ್ಟಿಕ್ ಮೊರದಿಂದಲೋ ಸೌಟಿನಿಂದಲೋ ಮಗುಚಿ, ಹೊಸದಾಗಿ ಒಂದು ಚಿಟಿಕೆ ಸೋಡಾ ಹಾಕಿ ನೋಡಿ. ಬುಸ್ ಅಂದರೆ ಇನ್ನೂ ಇದೆ ಅಂತ ಅರ್ಥ. ಸುಮ್ಮನಿದ್ದರೆ ಸ್ವಲ್ಪ ಸ್ವಲ್ಪವೇ ನೀರು ಚಿಮುಕಿಸಿ ಕಲಸಿ, ನೀಲಿ ಲಿಟ್ಮಸ್ ಅಥವಾ ಪಿಎಚ್ ಪೇಪರ್ ಮುಟ್ಟಿಸಿ. ನೀಲಿ ನೀಲಿಯಾಗಿಯೇ ಉಳಿದರೆ ಮಾತ್ರ ಬಾಚಬಹುದು. ಗಾಜಿನ ಚೂರುಗಳನ್ನು ಕೈಯಿಂದ ಎತ್ತಬಾರದು, ಗ್ಲೌಸ್ ಇದ್ದರೂ. ಲ್ಯಾಬ್‌ನಲ್ಲಿ ಸಿಗುವ ತೆಳು ನೀಲಿ ನೈಟ್ರೈಲ್ ಗ್ಲೌಸ್ ಗಾಢ ಆಸಿಡ್ ಎದುರು ಹೆಚ್ಚು ಹೊತ್ತು ತಡೆಯುವುದಿಲ್ಲ. ಮೊಣಕೈ ತನಕ ಬರುವ ದಪ್ಪ ರಬ್ಬರ್ ಗ್ಲೌಸ್ ಬೇಕು. ಕಣ್ಣಿಗೆ ಸುತ್ತ ಮುಚ್ಚುವ ಗಾಗಲ್ಸ್ ಬೇಕು, ಓದುವ ಕನ್ನಡಕ ಸಾಲದು.

ಇಷ್ಟೆಲ್ಲ ಹೇಳಿದ್ದು ಯಾರ ಮೈಮೇಲೂ ಬಿದ್ದಿಲ್ಲ ಅನ್ನುವ ಲೆಕ್ಕದಲ್ಲಿ. ಬಿದ್ದಿದ್ದರೆ ನೆಲ ಕಾಯಲಿ. ಮೈಮೇಲೆ ಬಿದ್ದ ಆಸಿಡ್‌ಗೆ ಒಂದೇ ಔಷಧಿ ನೀರು, ಅದೂ ತಕ್ಷಣ, ಧಾರಾಳವಾಗಿ. ಸಲ್ಫ್ಯೂರಿಕ್ ಆಸಿಡ್‌ಗೆ ನೀರು ಹಾಕಬಾರದು ಅಂತ ಈಗಷ್ಟೇ ಹೇಳಿದೆನಲ್ಲ, ಅದು ನೆಲದ ಮಾತು. ಚರ್ಮದ ಮೇಲಿರುವುದು ತೆಳು ಪದರ. ಜೋರಾಗಿ ಹರಿಯುವ ನೀರು ಆ ಬಿಸಿಯನ್ನೂ ಆಸಿಡ್‌ನ್ನೂ ಒಟ್ಟಿಗೆ ಕೊಂಡೊಯ್ಯುತ್ತದೆ. ಸೋಡಾ ಪುಡಿಯನ್ನು ಚರ್ಮಕ್ಕೆ ಹಚ್ಚಬಾರದು, ಕಣ್ಣಿಗಂತೂ ಬೇಡವೇ ಬೇಡ. ಆಸಿಡ್ ತಾಗಿದ ಬಟ್ಟೆ, ಚಪ್ಪಲಿ, ವಾಚು ತೆಗೆದುಹಾಕಬೇಕು. ಇಲ್ಲಿ ಮಕ್ಕಳು ನಾಚಿಕೆಪಟ್ಟು ತಡಮಾಡುತ್ತಾರೆ. ಉಳಿದವರನ್ನು ಹೊರಗೆ ಕಳಿಸಿ, ಒಂದು ಲ್ಯಾಬ್ ಕೋಟ್ ಅಡ್ಡ ಹಿಡಿದರೆ ಆ ಸಂಕೋಚ ಕಡಿಮೆಯಾಗುತ್ತದೆ.

ತೊಳೆಯುವುದು ಕನಿಷ್ಠ 15ರಿಂದ 20 ನಿಮಿಷ. ಗಡಿಯಾರ ನೋಡಿಯೇ ತೊಳೆಯಬೇಕು, ಯಾಕೆಂದರೆ ಎರಡು ನಿಮಿಷಕ್ಕೇ "ಸಾಕು ಮೇಡಂ, ಉರಿ ಕಡಿಮೆಯಾಯಿತು" ಅನ್ನುತ್ತಾರೆ. ಸೋಡಿಯಂ ಹೈಡ್ರಾಕ್ಸೈಡ್‌ನಂಥ ಕ್ಷಾರ ಬಿದ್ದರಂತೂ ಮೊದಮೊದಲು ಹೆಚ್ಚು ಉರಿಯದೆ, ಬರೀ ಜಾರುಜಾರಾಗಿರುತ್ತದೆ, ಒಳಗೊಳಗೇ ಇಳಿಯುತ್ತಿರುತ್ತದೆ. ತೊಳೆಯದೆ ಆಟೋ ಹತ್ತಿಸಿ ಕಳಿಸುವುದು ದೊಡ್ಡ ತಪ್ಪು. ಈ ಊರಿನ ಟ್ರಾಫಿಕ್‌ನಲ್ಲಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಕಣ್ಣು ಹೋಗಿರಬಹುದು. ತೊಳೆಯುತ್ತಿರುವಾಗಲೇ ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ತೊಳೆದಾದ ಮೇಲೆ ಹೋಗಲಿ: ಕಣ್ಣಿಗೆ ಮಿಂಟೋ, ಸುಟ್ಟ ಗಾಯಕ್ಕೆ ವಿಕ್ಟೋರಿಯಾ ಆಸ್ಪತ್ರೆಯ ಬರ್ನ್ಸ್ ವಾರ್ಡ್, ಅಥವಾ ಹತ್ತಿರದ ದೊಡ್ಡ ಆಸ್ಪತ್ರೆ. ಯಾವ ಕೆಮಿಕಲ್ ಅಂತ ಒಂದು ಚೀಟಿಯಲ್ಲಿ ಬರೆದು ಜೊತೆಗೆ ಕಳಿಸಿ.

ಇದರಲ್ಲಿ ಬೆಂಗಳೂರಿನವರು ನೋಡಿಕೊಳ್ಳಬೇಕಾದ ವಿಷಯ ಒಂದಿದೆ. ಏಪ್ರಿಲ್‌ನಲ್ಲಿ ಟ್ಯಾಂಕ್ ಖಾಲಿಯಾಗಿ ಲ್ಯಾಬ್‌ನ ನಲ್ಲಿ ಒಣಗಿದ್ದರೆ ಏನು ಮಾಡುತ್ತೀರಿ? ಕಣ್ಣು ತೊಳೆಯುವ ಸಾಧನಕ್ಕೆ ಇರುವ ಅಮೆರಿಕದ ಮಾನದಂಡ ನಿಮಿಷಕ್ಕೆ ಒಂದೂವರೆ ಲೀಟರ್, 15 ನಿಮಿಷ ಅನ್ನುತ್ತದೆ. ಒಟ್ಟು 22 ಲೀಟರ್ ಚಿಲ್ಲರೆ. ಅಂದರೆ ಕುಡಿಯುವ ನೀರಿನ 20 ಲೀಟರ್ ಕ್ಯಾನ್ ಒಂದು ಪೂರ್ತಿ, ಎರಡನೆಯದರಲ್ಲಿ ಸ್ವಲ್ಪ. ಎರಡು ತುಂಬಿದ ಕ್ಯಾನ್, ಒಂದು ಮಗ್ ಲ್ಯಾಬ್ ಒಳಗೇ ಇದ್ದರೆ ಆ ದಿನ ಪ್ರಾಕ್ಟಿಕಲ್ ನಡೆಸಬಹುದು. ನಲ್ಲಿಯೂ ಇಲ್ಲ, ಕ್ಯಾನೂ ಇಲ್ಲ ಅಂದರೆ ಆಸಿಡ್ ಬಾಟಲಿ ಕಪಾಟಿನಿಂದ ಹೊರಗೆ ಬರಬಾರದು ಅಂತಲೇ ನನ್ನ ಅಭಿಪ್ರಾಯ.

ಈಗ ಅದೇ ಜಾಗದಲ್ಲಿ, ಅದೇ 200 ಮಿ.ಲೀ., ಗಾಢ ಹೈಡ್ರೋಕ್ಲೋರಿಕ್ ಆಸಿಡ್. ಮುಟ್ಟಿದರೆ ಸುಡುತ್ತದೆ, ಅದು ಇದ್ದದ್ದೇ. ಆದರೆ ಇದು ನೀರಿನಲ್ಲಿ ಕರಗಿಸಿಟ್ಟ ಅನಿಲ. ಬಾಟಲಿಯ ಮುಚ್ಚಳ ತೆಗೆದಾಗ ಬಿಳಿ ಹೊಗೆ ಏಳುತ್ತದಲ್ಲ, ಅದೇ ಈಗ ಮುಚ್ಚಳವೇ ಇಲ್ಲದೆ ನೆಲದ ತುಂಬ ಏಳುತ್ತದೆ. ಈ ಅನಿಲಕ್ಕೆ ಕೆಲಸದ ಜಾಗದಲ್ಲಿ ಯಾವ ಕ್ಷಣದಲ್ಲೂ ದಾಟಬಾರದು ಅಂತ ಇಟ್ಟಿರುವ ಮಿತಿ 5 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗ ಗಾಳಿಯಲ್ಲಿ ಐದು ಭಾಗ. 50 ಪಿಪಿಎಂ ಇದ್ದರೆ ಪ್ರಾಣಕ್ಕೇ ಅಪಾಯ ಅನ್ನುವ ಮಟ್ಟ. ಚೆಲ್ಲಿದ್ದರಲ್ಲಿ ಹತ್ತನೇ ಒಂದು ಭಾಗ ಅನಿಲವಾಗಿ ಹೊರಬಂದು, ಕಿಟಕಿ ಮುಚ್ಚಿದ್ದ ನಮ್ಮ ಕೋಣೆಯ ತುಂಬ ಸಮನಾಗಿ ಹರಡಿದರೂ 20 ಪಿಪಿಎಂ ದಾಟುತ್ತದೆ. ಚೆಲ್ಲಿದ ಜಾಗದ ಪಕ್ಕದಲ್ಲಿ ಇನ್ನೂ ಎಷ್ಟೋ ಪಟ್ಟು ಜಾಸ್ತಿ ಇರುತ್ತದೆ.

ನೆಲ ಮೊಸಾಯಿಕ್ ಅಂತ ಹೇಳಿದೆ. ಅದರಲ್ಲಿರುವ ಅಮೃತಶಿಲೆಯ ಚೂರುಗಳೂ ಸಿಮೆಂಟೂ ಆಸಿಡ್‌ನ ಜೊತೆ ಕೂಡಿ ನೊರೆ ಬರಿಸುತ್ತವೆ. ಕಡಪ ಕಲ್ಲು ಹಾಸಿದ ಬೆಂಚು, ನೆಲಗಳದ್ದೂ ಇದೇ ಕಥೆ, ಅದು ಸುಣ್ಣದ ಕಲ್ಲು. ಗ್ರಾನೈಟ್ ಆದರೆ ಹೀಗಾಗುವುದಿಲ್ಲ. ಈ ನೊರೆಯ ಗುಳ್ಳೆಗಳು ಒಡೆಯುವಾಗ ಆಸಿಡ್‌ನ ಸಣ್ಣ ತುಂತುರು ಗಾಳಿಗೆ ಏರುತ್ತದೆ. ಸೋಡಾ ಹಾಕದೆಯೇ ನೆಲ ಬುಸುಗುಟ್ಟುವುದನ್ನು ನೋಡಿ ಗಾಬರಿಯಾಗಬೇಡಿ. ಹಾಗೆಯೇ ಅಂಥ ನೆಲದ ಮೇಲೆ ನೊರೆ ಬರುತ್ತಿದೆ ಅಂದ ಮಾತ್ರಕ್ಕೆ ಸೋಡಾ ಕೆಲಸ ಮಾಡುತ್ತಿದೆ ಅಂತಲೂ ಅಲ್ಲ. ಇಲ್ಲಿ ಪಿಎಚ್ ಪೇಪರ್ ಒಂದನ್ನೇ ನಂಬಬೇಕು.

ಹಾಗಾಗಿ ಮಕ್ಕಳೆಲ್ಲ ಹೊರಗೆ. ಕಿಟಕಿ ಎಲ್ಲ ತೆರೆದು, ಎಕ್ಸಾಸ್ಟ್ ಫ್ಯಾನ್ ಹಾಕಿ. ಕಾರಿಡಾರ್ ಕಡೆಯ ಬಾಗಿಲು ಮುಚ್ಚಿ. ಇಲ್ಲವಾದರೆ ಹೊಗೆ ಪಕ್ಕದ ತರಗತಿಗೆ ಹೋಗುತ್ತದೆ. ಮೇಡಂ ಮತ್ತು ಅಟೆಂಡರ್ ಉಳಿದು ಸ್ವಚ್ಛ ಮಾಡಬಹುದಾ? ಬಾಗಿಲ ಬಳಿ ನಿಂತಾಗ ಕಣ್ಣು ಉರಿಯದೆ, ಕೆಮ್ಮು ಬರದೆ ಇದ್ದರೆ ಮಾತ್ರ. ಗಾಳಿ ಬರುವ ಕಡೆಯಿಂದ ಹೋಗಿ, ದೂರದಿಂದಲೇ ಸೋಡಾ ಎರಚಿ ವಾಪಸ್ ಬರಬೇಕು, ಮತ್ತೆ ಹೋಗಬೇಕು. ಇದಕ್ಕೆ ಬೇಕಾದ ಸೋಡಾ ಸುಮಾರು 200 ಗ್ರಾಂ. ನೆನಪಿಡಲು ಸುಲಭ, ಎಷ್ಟು ಮಿ.ಲೀ. ಆಸಿಡ್ ಇದೆಯೋ ಅಷ್ಟೇ ಗ್ರಾಂ. ಸಲ್ಫ್ಯೂರಿಕ್ ಆದರೆ ಅದರ ಮೂರು ಪಟ್ಟು. ಉಸಿರು ಕಟ್ಟಿದ ಹಾಗಾದರೆ, ಗಂಟಲು ಕಚ್ಚಿದರೆ ಅಲ್ಲಿಗೆ ಬಿಟ್ಟು ಹೊರಗೆ ಬನ್ನಿ. ಮೂಗಿಗೆ ಕಟ್ಟಿದ ಕರ್ಚೀಫು, ಸರ್ಜಿಕಲ್ ಮಾಸ್ಕ್, ಎನ್95 ಯಾವುದೂ ಈ ಅನಿಲವನ್ನು ತಡೆಯುವುದಿಲ್ಲ. ಕೊನೆಯಲ್ಲಿ ನೆಲ ತೊಳೆಯುವಾಗ ಬ್ಲೀಚಿಂಗ್ ಪೌಡರ್ ಬೇಡ ಅಂತ ಹೌಸ್‌ಕೀಪಿಂಗ್‌ನವರಿಗೆ ಬಿಡಿಸಿ ಹೇಳಿ. ಉಳಿದ ಆಸಿಡ್‌ಗೆ ಅದು ಸೇರಿದರೆ ಕ್ಲೋರಿನ್ ಬರುತ್ತದೆ, ಆಗ ಮೊದಲಿನದ್ದಕ್ಕಿಂತ ಕೆಟ್ಟ ಪರಿಸ್ಥಿತಿ.

ಮೂರನೆಯದು ಅಸಿಟೋನ್. ಪಿಪೆಟ್, ಬ್ಯೂರೆಟ್ ಬೇಗ ಒಣಗಲಿ ಅಂತ ದಿನಾ ಬಳಸುವ ದ್ರವ. ಉಗುರು ಬಣ್ಣ ತೆಗೆಯುವುದರಲ್ಲೂ ಇರುತ್ತದೆ. ಕೈಮೇಲೆ ಬಿದ್ದರೆ ತಣ್ಣಗಾಗುತ್ತದೆ ಅಷ್ಟೇ. ಹಾಗಾಗಿ ಇದಕ್ಕೆ ಯಾರೂ ಹೆದರುವುದಿಲ್ಲ. ನಾನು ಹೆದರುವುದು ಮಾತ್ರ ಇದಕ್ಕೇ.

ಒಂದು ದ್ರವದ ಆವಿಗೆ ಕಿಡಿ ಹತ್ತಲು ಬೇಕಾದ ಕನಿಷ್ಠ ಉಷ್ಣಾಂಶಕ್ಕೆ ಫ್ಲ್ಯಾಶ್ ಪಾಯಿಂಟ್ ಅನ್ನುತ್ತಾರೆ. ಅಸಿಟೋನ್‌ಗೆ ಅದು ಸೊನ್ನೆಗಿಂತ ಸುಮಾರು 20 ಡಿಗ್ರಿ ಕೆಳಗೆ. ಅಂದರೆ ಡಿಸೆಂಬರ್‌ನ ಚಳಿಯಲ್ಲೂ ಅದು ಹತ್ತಿಕೊಳ್ಳಲು ತಯಾರಾಗಿಯೇ ಇರುತ್ತದೆ. ನೆಲದ ಮೇಲೆ ತೆಳ್ಳಗೆ ಹರಡಿದ 200 ಮಿ.ಲೀ. ಕೆಲವೇ ನಿಮಿಷಗಳಲ್ಲಿ ಆರಿಹೋಗುತ್ತದೆ. ಹೋಯಿತು ಅಂದುಕೊಳ್ಳುತ್ತೇವೆ. ಎಲ್ಲಿಗೂ ಹೋಗಿರುವುದಿಲ್ಲ, ಗಾಳಿಯಲ್ಲಿ ಸುಮಾರು 73 ಲೀಟರ್ ಆವಿಯಾಗಿ ನಿಂತಿರುತ್ತದೆ. ಸಮುದ್ರ ಮಟ್ಟದಲ್ಲಾದರೆ ಇದು ಸ್ವಲ್ಪ ಕಡಿಮೆ. ನಾವು 900 ಮೀಟರ್‌ಗಿಂತ ಎತ್ತರದಲ್ಲಿರುವುದರಿಂದ ಅಷ್ಟೇ ಆವಿ ಇಲ್ಲಿ ಹತ್ತನೇ ಒಂದು ಭಾಗದಷ್ಟು ಹೆಚ್ಚು ಜಾಗ ಹಿಡಿಯುತ್ತದೆ.

ಗಾಳಿಯಲ್ಲಿ ಅಸಿಟೋನ್ ಆವಿ ಶೇಕಡಾ ಎರಡೂವರೆ ಮುಟ್ಟಿದರೆ ಕಿಡಿ ಹತ್ತುತ್ತದೆ. ಇಡೀ 280 ಘನ ಮೀಟರ್‌ಗೆ ಹಂಚಿದರೆ 73 ಲೀಟರ್ ಅಂದರೆ ಶೇಕಡಾ 0.03 ಕೂಡ ಇಲ್ಲ. ಈ ಲೆಕ್ಕ ಮಾಡಿ "ಏನೂ ಆಗಲ್ಲ ಬಿಡಿ" ಅನ್ನುವವರಿದ್ದಾರೆ. ಆದರೆ ಆವಿ ಇಡೀ ಕೋಣೆಗೆ ಸಮನಾಗಿ ಹರಡುವುದಿಲ್ಲ, ಅಲ್ವಾ? ಅಸಿಟೋನ್ ಆವಿ ಗಾಳಿಯ ಎರಡು ಪಟ್ಟು ಭಾರ. ಅದು ನೆಲ ಹಿಡಿದು ಹರಿಯುತ್ತದೆ. ಹಾಗಾದರೆ ಲೆಕ್ಕವನ್ನು ತಿರುಗಿಸಿ ಕೇಳಬೇಕು: 73 ಲೀಟರ್ ಆವಿ ಎಷ್ಟು ಗಾಳಿಯನ್ನು ಬೆಂಕಿ ಹತ್ತುವ ಹಾಗೆ ಮಾಡಬಲ್ಲದು? ಸುಮಾರು 2.9 ಘನ ಮೀಟರ್. ಎರಡು ಬೆಂಚುಗಳ ನಡುವೆ ನಾವು ಓಡಾಡುವ ಓಣಿ 1.2 ಮೀಟರ್ ಅಗಲ, 8 ಮೀಟರ್ ಉದ್ದ ಅಂದುಕೊಳ್ಳಿ. ಆ ಓಣಿಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ, ನೆಲದಿಂದ ಒಂದಡಿ ಎತ್ತರದ ತನಕ. ಒಂದು ಲೋಟ ಅಸಿಟೋನ್ ಅಷ್ಟನ್ನು ತುಂಬಬಲ್ಲದು. ಮಕ್ಕಳ ಮೊಣಕಾಲಿನ ಕೆಳಗೆ, ಕಣ್ಣಿಗೆ ಕಾಣದೆ.

ಬರ್ನರ್ ಇರುವುದು ಬೆಂಚಿನ ಮೇಲೆ, ಆವಿ ಇರುವುದು ನೆಲದಲ್ಲಿ, ಸಿಗುವುದು ಹೇಗೆ ಅನ್ನಬಹುದು. ಬಾಟಲಿ ಬೆಂಚಿನ ಮೇಲೇ ಒಡೆದಿದ್ದರೆ ಆ ಪ್ರಶ್ನೆಯೇ ಇಲ್ಲ. ನೆಲದಲ್ಲಿ ಒಡೆದಿದ್ದರೂ ಜನ ಓಡಾಡಿದರೆ, ಸೀಲಿಂಗ್ ಫ್ಯಾನ್ ತಿರುಗುತ್ತಿದ್ದರೆ ಆವಿ ಕಲಕಿ ಮೇಲೇಳುತ್ತದೆ. ಮೂಲೆಯಲ್ಲಿ ನೆಲದ ಮೇಲಿಟ್ಟ ಮನೆ ಬಳಕೆಯ ಫ್ರಿಜ್ ಇದ್ದರೆ ಅದರ ಥರ್ಮೋಸ್ಟಾಟ್ ಕಿಡಿ ಸಾಕು. ಒಮ್ಮೆ ಹತ್ತಿಕೊಂಡರೆ ಜ್ವಾಲೆ ಆವಿಯ ಜಾಡು ಹಿಡಿದು ಚೆಲ್ಲಿದ ಜಾಗಕ್ಕೆ ಕ್ಷಣದಲ್ಲಿ ವಾಪಸ್ ಓಡುತ್ತದೆ.

ಮಾಡಬೇಕಾದದ್ದು ಇದು. ನೋಡಿದವರು ದ್ರವದ ಹೆಸರನ್ನೂ ಜಾಗವನ್ನೂ ಕೂಗಬೇಕು: "ಅಸಿಟೋನ್, ಮೂರನೇ ಬೆಂಚು!" ಕೂಗಲು ಮೇಡಂ ಅನುಮತಿ ಬೇಕಿಲ್ಲ. ಬಾಟಲಿ ಬೀಳಿಸಿದ ಹುಡುಗಿಯೇ ಕೂಗಬೇಕು, ಯಾಕೆಂದರೆ ಅದೇನು ಅಂತ ಖಾತ್ರಿಯಾಗಿ ಗೊತ್ತಿರುವುದು ಅವಳಿಗೆ. ಅದಕ್ಕೇ ಬೀಳಿಸಿದವರನ್ನು ಆ ಹೊತ್ತಿನಲ್ಲಿ ಬೈಯಬಾರದು. ಬೈಗುಳದ ಭಯಕ್ಕೆ ಅರ್ಧ ನಿಮಿಷ ಸುಮ್ಮನಿದ್ದರೆ ಆ ಅರ್ಧ ನಿಮಿಷ ದುಬಾರಿಯಾಗುತ್ತದೆ. ದೂರದ ಬೆಂಚಿನವರು ತಮ್ಮ ಕೈಗೆಟುಕುವ ಬರ್ನರ್‌ನ ಗ್ಯಾಸ್ ನಲ್ಲಿ ಮುಚ್ಚಿ ಹೊರಡಲಿ. ಚೆಲ್ಲಿದ ಜಾಗದ ಪಕ್ಕದ ಬರ್ನರ್ ಆರಿಸಲು ಯಾರೂ ಅದರ ಕಡೆಗೆ ಹೋಗಬಾರದು. ಬಾಗಿಲ ಬಳಿ ಗ್ಯಾಸ್‌ನ ಮುಖ್ಯ ವಾಲ್ವ್ ಇದ್ದರೆ ಅಟೆಂಡರ್ ಅದನ್ನು ಮುಚ್ಚಿದರೆ ಎಲ್ಲವೂ ಒಟ್ಟಿಗೆ ಆರುತ್ತವೆ. ಹೋಗುವ ದಾರಿಯಲ್ಲಿರುವ ಕಿಟಕಿ ತೆರೆಯಿರಿ.

ಸ್ವಿಚ್ ಮಾತ್ರ ಮುಟ್ಟಬೇಡಿ. ಹೈಡ್ರೋಕ್ಲೋರಿಕ್ ಆಸಿಡ್‌ಗೆ ಎಕ್ಸಾಸ್ಟ್ ಹಾಕಿ ಅಂದದ್ದು ಇಲ್ಲಿ ನಡೆಯುವುದಿಲ್ಲ. ಸಾಮಾನ್ಯ ಎಕ್ಸಾಸ್ಟ್ ಫ್ಯಾನಿನ ಸ್ವಿಚ್‌ನಲ್ಲೂ ಮೋಟಾರಿನಲ್ಲೂ ಕಿಡಿ ಬರಬಹುದು. ಓಡುತ್ತಿರುವುದನ್ನು ಆಫ್ ಮಾಡುವಾಗಲೂ ಕಿಡಿ ಬರುತ್ತದೆ. ಕರೆಂಟ್ ತೆಗೆಯಲೇಬೇಕಾದರೆ ಕೋಣೆಯ ಹೊರಗಿರುವ ಮೇನ್‌ನಿಂದ ತೆಗೆಯಬೇಕು. ಸಿಂಕ್‌ಗೆ ತಳ್ಳಿಬಿಡುವುದೂ ಬೇಡ. ಪೈಪಿನಲ್ಲಿ ಆವಿ ಕೆಳಗಿನ ಮಹಡಿಯ ಸಿಂಕ್‌ವರೆಗೆ ಹೋಗಬಹುದು.

ಹಾಗಾದರೆ ಅಸಿಟೋನ್ ಒಂದು ಹನಿ ಬಿದ್ದರೂ ಓಡಬೇಕಾ? ಇಲ್ಲ. ವಾಷ್ ಬಾಟಲಿಯಿಂದ 20 ಮಿ.ಲೀ. ಬೆಂಚಿನ ಮೇಲೆ ಚೆಲ್ಲಿತು, ಹತ್ತಿರ ಯಾವ ಉರಿಯೂ ಇಲ್ಲ ಅಂದರೆ, ಉಳಿದ ಬರ್ನರ್ ಆರಿಸಿ, ಕಿಟಕಿ ತೆರೆದು, ಟಿಶ್ಯೂನಿಂದ ಒರೆಸಿ ಮುಗಿಸಬಹುದು. ಒರೆಸಿದ ಟಿಶ್ಯೂ ಒಳಗಿನ ಕಸದ ಬುಟ್ಟಿಗೆ ಹೋಗಬಾರದು, ಫ್ಯೂಮ್ ಹುಡ್‌ಗೋ ಹೊರಗಿನ ಬಯಲಿಗೋ ಹೋಗಬೇಕು. ವಾಸನೆ ಕೋಣೆ ತುಂಬ ಬಂತು ಅನ್ನುವುದು ಬೆಂಕಿಯ ಅಳತೆಗೋಲಲ್ಲ. ಬೆಂಕಿ ಹತ್ತುವ ಮಟ್ಟ 25,000 ಪಿಪಿಎಂ, ಮೂಗು ಅದಕ್ಕಿಂತ ತುಂಬ ಕೆಳಗೇ ಹಿಡಿಯುತ್ತದೆ. ಹಾಗೆಯೇ ವಾಸನೆ ಕಡಿಮೆಯಾಯಿತು ಅನ್ನುವುದನ್ನೂ ನಂಬಬೇಡಿ. ಸ್ವಲ್ಪ ಹೊತ್ತಿಗೆ ಮೂಗು ಒಗ್ಗಿಹೋಗುತ್ತದೆ.

ಅಸಿಟೋನ್ ಬದಲು ಈಥರ್ ಆಗಿದ್ದರೆ ಈ ಸಡಿಲಿಕೆಯೂ ಇಲ್ಲ. ಅದು ಸಮುದ್ರ ಮಟ್ಟದಲ್ಲಿ 34.6 ಡಿಗ್ರಿಗೆ ಕುದಿಯುತ್ತದೆ, ನಮ್ಮ ಎತ್ತರದಲ್ಲಿ 32ರ ಆಸುಪಾಸಿಗೆ. ಏಪ್ರಿಲ್‌ನ ಮಧ್ಯಾಹ್ನ ಬಿಸಿಯಾದ ನೆಲದ ಮೇಲೆ ಅದು ಅಕ್ಷರಶಃ ಕುದಿಯುತ್ತದೆ. ಜೊತೆಗೆ ಸುಮಾರು 160 ಡಿಗ್ರಿ ಬಿಸಿಯ ಮೇಲ್ಮೈ ಸಾಕು, ಉರಿಯೇ ಇಲ್ಲದೆ ಹತ್ತಿಕೊಳ್ಳಲು. ಆಗಷ್ಟೇ ಆಫ್ ಮಾಡಿದ ಹಾಟ್‌ಪ್ಲೇಟ್ ಕೂಡ ಅದಕ್ಕಿಂತ ಬಿಸಿ ಇರಬಹುದು. ಈಥರ್ 50 ಮಿ.ಲೀ. ಚೆಲ್ಲಿದರೂ ಎಲ್ಲರೂ ಹೊರಗೆ ಅನ್ನುವುದು ನನ್ನ ನಿಯಮ.

ಏನು ಚೆಲ್ಲಿದೆ ಅಂತ ಗೊತ್ತೇ ಇಲ್ಲದಿದ್ದರೆ? ಲೇಬಲ್ ಅಳಿಸಿಹೋದ ಬಾಟಲಿ, ಅಥವಾ ಎರಡು ಬಾಟಲಿ ಒಟ್ಟಿಗೆ ಒಡೆದು ಕೂಡಿಕೊಂಡವು. ಆಗ ಮೂಸಿ ನೋಡುವುದಲ್ಲ, ಕೆಟ್ಟದ್ದನ್ನೇ ಊಹಿಸಿ ಹೊರಡುವುದು. ಅದರಲ್ಲೂ ನೈಟ್ರಿಕ್ ಆಸಿಡ್ ಮತ್ತು ಅಸಿಟೋನ್ ಅಥವಾ ಆಲ್ಕೋಹಾಲ್ ಕೂಡಿದರೆ ಯಾವಾಗ ಸಿಡಿಯುತ್ತದೆ ಅಂತ ಹೇಳಲಾಗದು. ಕಂದು ಹೊಗೆ ಕಂಡರೆ ಮಾತೇ ಇಲ್ಲ. ಆ ಹೊಗೆ ಕುಡಿದವರು ಆ ಹೊತ್ತಿಗೆ ಚೆನ್ನಾಗಿದ್ದರೂ ಎಷ್ಟೋ ಗಂಟೆಗಳ ನಂತರ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು. ಅವರನ್ನು ಮನೆಗೆ ಕಳಿಸದೆ ಆಸ್ಪತ್ರೆಯಲ್ಲಿ ನಿಗಾದಲ್ಲಿಡಬೇಕು.

ಕೋಣೆ ಬಿಡುವುದು ಬೇರೆ, ಕಟ್ಟಡ ಬಿಡುವುದು ಬೇರೆ. ಬೆಂಕಿ ಹತ್ತಿ ಒಂದು ಎಕ್ಸ್‌ಟಿಂಗ್ವಿಷರ್‌ಗೆ ಆರದಿದ್ದರೆ, ಗ್ಯಾಸ್ ಲೈನ್ ಮುಚ್ಚಲು ಆಗದಿದ್ದರೆ, ಹೊಗೆಯೋ ವಾಸನೆಯೋ ಕಾರಿಡಾರ್‌ಗೆ ಬಂದು ಕಣ್ಣು ಉರಿಸುತ್ತಿದ್ದರೆ, ಅಥವಾ ಒಳಗೆ ಯಾರಾದರೂ ಬಿದ್ದಿದ್ದರೆ ಅಲಾರಂ ಒತ್ತಿ ಇಡೀ ಕಟ್ಟಡ ಖಾಲಿ ಮಾಡಿಸಿ, 112ಕ್ಕೆ ಕರೆ ಮಾಡಿ. ಬಿದ್ದವರನ್ನು ಎಳೆದು ತರಲು ಇನ್ನೊಬ್ಬರು ನುಗ್ಗಿದರೆ ಬಿದ್ದವರು ಇಬ್ಬರಾಗುತ್ತಾರೆ. ಹೇಳಲು ಕಷ್ಟ, ಆದರೂ ಹೇಳಲೇಬೇಕಾದ ಮಾತಿದು. ಮೊದಲ ಮಹಡಿಯಲ್ಲಿ ಅಸಿಟೋನ್, ಈಥರ್‌ನಂಥ ಸಾಲ್ವೆಂಟ್ ಚೆಲ್ಲಿದಾಗ ಇಳಿಯುವ ಮೆಟ್ಟಿಲನ್ನೂ ನೋಡಿ ಆರಿಸಬೇಕು. ಭಾರದ ಆವಿ ಹತ್ತಿರದ ಮೆಟ್ಟಿಲಿನಲ್ಲಿ ನಮ್ಮ ಜೊತೆಯೇ ಇಳಿಯುತ್ತದೆ. ದೂರದ ಮೆಟ್ಟಿಲು ಇದ್ದರೆ ಅದೇ ಒಳ್ಳೆಯದು.

ಹೊರಗೆ ಬಂದ ಮೇಲೆ ಹಾಜರಿ ಹಾಳೆ ಹಿಡಿದು ಹೆಸರು ಕೂಗಬೇಕು. ಬ್ಯಾಲೆನ್ಸ್ ರೂಮಿನಲ್ಲಿ ತೂಕ ಮಾಡುತ್ತಿದ್ದವರು, ಸ್ಟೋರ್‌ಗೆ ಹೋದವರು ಸಾಮಾನ್ಯವಾಗಿ ಬಿಟ್ಟುಹೋಗುತ್ತಾರೆ. ಇನ್ನೊಂದು ಅಪಾಯ, ವಾಪಸ್ ಹೋಗುವವರು. ಫೋನಿಗಿಂತ ಜಾಸ್ತಿ ರೆಕಾರ್ಡ್ ಬುಕ್‌ಗಾಗಿ. ಸಹಿ ಹಾಕಿಸಿಕೊಂಡ ರೆಕಾರ್ಡ್ ಒಳಗಿದೆ, ಪರೀಕ್ಷೆ ಹತ್ತಿರ ಬಂದಿದೆ ಅಂದರೆ ಹುಡುಗರು ಯಾರ ಕಣ್ಣು ತಪ್ಪಿಸಿಯಾದರೂ ನುಗ್ಗುತ್ತಾರೆ. ಬಾಗಿಲಲ್ಲಿ ಒಬ್ಬರು ನಿಲ್ಲಬೇಕು. "ರೆಕಾರ್ಡ್ ಹೋದರೂ ಮಾರ್ಕ್ಸ್ ಹೋಗಲ್ಲ" ಅಂತ ಮೇಡಂ ಅಲ್ಲೇ, ಆಗಲೇ ಹೇಳಿಬಿಟ್ಟರೆ ಆ ನುಗ್ಗಾಟ ನಿಲ್ಲುತ್ತದೆ.

ಒಳಗೆ ಮತ್ತೆ ಹೋಗುವುದು ಯಾವಾಗ? ಅಗ್ನಿಶಾಮಕದವರು ಬಂದಿದ್ದರೆ ಅವರು ಹೇಳಿದ ಮೇಲೆ. ಬರುವಷ್ಟು ದೊಡ್ಡದಾಗಿರಲಿಲ್ಲ ಅಂದರೆ, ಕಿಟಕಿ ತೆರೆದಿಟ್ಟು ಕನಿಷ್ಠ ಅರ್ಧ ಗಂಟೆ ಬಿಟ್ಟು, ಮೊದಲು ಇಬ್ಬರು ಮಾತ್ರ, ಗಾಗಲ್ಸ್ ಹಾಕಿಕೊಂಡು. ಆಸಿಡ್ ಆಗಿದ್ದರೆ ಬೆಂಚಿನ ಕಾಲು, ಕಪಾಟಿನ ಅಡಿ, ಡ್ರಾಯರ್ ಹಿಡಿಗಳಿಗೆ ಒದ್ದೆ ಪಿಎಚ್ ಪೇಪರ್ ಮುಟ್ಟಿಸಿ ನೋಡಬೇಕು. ಸಿಡಿದ ಹನಿ ಅಲ್ಲೆಲ್ಲೋ ಉಳಿದು ಮರುದಿನದ ಬ್ಯಾಚಿನವರ ಕೈಗೆ ಹತ್ತುತ್ತದೆ. ಸಾಲ್ವೆಂಟ್ ಆಗಿದ್ದರೆ ಕೆಳಗಿನ ಕಪಾಟಿನ ಬಾಗಿಲುಗಳನ್ನೆಲ್ಲ ತೆರೆದು ಗಾಳಿಯಾಡಿಸಬೇಕು, ಭಾರದ ಆವಿ ಅಲ್ಲೇ ಕೂತಿರುತ್ತದೆ. ಅದಾದ ಮೇಲೆ ಕರೆಂಟ್, ಅದಾದ ಮೇಲೆ ಗ್ಯಾಸ್. ಬಳಸಿದ ಸೋಡಾ, ಮರಳು, ಪಿಎಚ್ ಪೇಪರ್ ಅವತ್ತೇ ಮತ್ತೆ ತುಂಬಿಸಿಡಿ. ಸೋಡಾದ ಡಬ್ಬಿ ಖಾಲಿ ಇದ್ದರೆ ಮುಂದಿನ ಬ್ಯಾಚಿನ ಪ್ರಾಕ್ಟಿಕಲ್ ಮುಂದೂಡಬೇಕು.